ಎರಡು ಕಲ್ಲು, ಒಂದು ಹಗ್ಗ, ಒಂದು ತೂಗುಸೇತುವೆ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕಿನ ಹೈಸ್ಕೂಲು ಮಕ್ಕಳಿಗೆ ಹೇಳಲೆಂದು ಸಿದ್ಧಪಡಿಸಿದ ಮಾತುಗಳಿವು. ಹತ್ತನೇ ತರಗತಿಯ ವರ್ಗಸಮೀಕರಣ ಬಂದರೆ ಸಾಕು, ಇಲ್ಲಿರುವುದೆಲ್ಲ ಅರ್ಥವಾಗುತ್ತದೆ. ಓದುವಾಗ ಕೈಯಲ್ಲಿ ಒಂದು ಪೆನ್ನು ಇರಲಿ.

ಮಕ್ಕಳೇ, ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೋಗುವಾಗ ಹಳ್ಳಗಳ ಮೇಲೆ ಸೇತುವೆಗಳು ಸಿಗುತ್ತವೆ. ಅಂಥ ಸೇತುವೆಯ ಅಂಚಿನಲ್ಲಿ ನಿಂತಿದ್ದಾಗ ತುಂಬಿದ ಲಾರಿಯೊಂದು ಹಾದುಹೋದರೆ ಕಾಲಡಿ ಸಣ್ಣ ನಡುಕ ಗೊತ್ತಾಗುತ್ತದೆ. ಆದರೆ ಸೇತುವೆ ತೂಗುವುದಿಲ್ಲ. ಸುಮಾರು 20 ಮೀಟರ್ ಉದ್ದದ ಕಾಂಕ್ರೀಟ್ ಸ್ಪ್ಯಾನ್ ತಾನಾಗಿ ಕಂಪಿಸಿದರೆ ಸೆಕೆಂಡಿಗೆ ಸುಮಾರು ಐದು ಸಲ ಮೇಲೆ ಕೆಳಗೆ ಆಡುತ್ತದೆ, ಅದೂ ಕಣ್ಣಿಗೆ ಕಾಣದಷ್ಟು. ಈಗ ನಮ್ಮದೇ ರಾಜ್ಯದ ಇನ್ನೊಂದು ತುದಿಗೆ, ಸುಳ್ಯಕ್ಕೆ ಹೋಗೋಣ. ಅಲ್ಲಿನ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿ ಹೊಳೆಗೆ ಒಂದು ತೂಗುಸೇತುವೆ ಕಟ್ಟಿದರು. ಆಮೇಲೆ ಹೊಳೆಯಿಂದ ಊರು ಕಡಿದುಹೋಗಿದ್ದ ಕಡೆಗಳಲ್ಲೆಲ್ಲ, ಕರ್ನಾಟಕದಲ್ಲೂ ಹೊರಗೂ, ನೂರಕ್ಕೂ ಹೆಚ್ಚು ಕಾಲುಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂಥ ತೂಗುಸೇತುವೆಯ ಮೇಲೆ ಕಾಲಿಟ್ಟರೆ ಅದು ಮೆಲ್ಲಗೆ, ನಿಧಾನವಾಗಿ ಎಡಕ್ಕೂ ಬಲಕ್ಕೂ ತೂಗುತ್ತದೆ.

ಒಂದು ಸೇತುವೆ ಸೆಕೆಂಡಿಗೆ ಐದು ಸಲ, ಇನ್ನೊಂದು ಮೂರು ಸೆಕೆಂಡಿಗೆ ಒಂದು ಸಲ. ಈ ಲೆಕ್ಕವನ್ನು ಸೇತುವೆಗೆ ಹೇಳಿಕೊಟ್ಟವರು ಯಾರು? ಯಾರೂ ಅಲ್ಲ. ಅದು ಸೇತುವೆಯ ಆಕಾರದಲ್ಲೇ ಅಡಗಿರುತ್ತದೆ. ಅಡಗಿದ್ದನ್ನು ಹೊರತೆಗೆಯುವ ಗಣಿತಕ್ಕೆ ಐಗೆನ್ ಮೌಲ್ಯ ಎಂದು ಹೆಸರು. ಹೆಸರಿಗೆ ಹೆದರಬೇಡಿ. ಒಂದು ಹಗ್ಗ, ಎರಡು ಕಲ್ಲು ಇದ್ದರೆ ಅದನ್ನು ಶಾಲೆಯ ಪಡಸಾಲೆಯಲ್ಲೇ ಅಳೆಯಬಹುದು.

ಪಡಸಾಲೆಯ ಸೇತುವೆ

ಅಲ್ಲಾಡದ ಎರಡು ಕಂಬಗಳ ನಡುವೆ, ಒಂದೇ ಎತ್ತರದಲ್ಲಿ, ಸ್ವಲ್ಪ ಜೋಲು ಬಿಟ್ಟು ಹಗ್ಗ ಕಟ್ಟಿ. ಕಂಬಗಳ ನಡುವಿನ ಅಂತರವನ್ನು ಮೂರು ಸಮಪಾಲು ಮಾಡಿ, ಮೂರನೇ ಒಂದು ಮತ್ತು ಮೂರನೇ ಎರಡರ ಜಾಗದಲ್ಲಿ ಒಂದೇ ತೂಕದ ಎರಡು ಕಲ್ಲುಗಳನ್ನು ಹಗ್ಗಕ್ಕೆ ತಾಗಿದಂತೆ ಬಿಗಿಯಾಗಿ ಕಟ್ಟಿ. ಕಲ್ಲು ದಾರದಿಂದ ಕೆಳಗೆ ನೇತಾಡಬಾರದು. ನೇತಾಡಿದರೆ ಅದೇ ಬೇರೊಂದು ಲೋಲಕವಾಗಿ ಲೆಕ್ಕವನ್ನು ಕೆಡಿಸುತ್ತದೆ. ಹಗ್ಗದ ಎರಡು ಗಂಟುಗಳನ್ನು ಸೇರಿಸುವ ನೇರ ರೇಖೆಯಿಂದ ಕಲ್ಲುಗಳ ನಡುಮಧ್ಯದವರೆಗೆ ಎಷ್ಟು ಕೆಳಗಿದೆ ಎಂದು ಅಳೆಯಿರಿ. ಅದು 25 ಸೆಂ.ಮೀ. ಬರುವಂತೆ ಹಗ್ಗವನ್ನು ಸರಿಮಾಡಿ. ಈ ಜೋಲನ್ನು d ಎಂದು ಕರೆಯೋಣ.

ಈಗ ಎರಡೂ ಕಲ್ಲುಗಳನ್ನು ನಿಮ್ಮ ಕಡೆಗೆ ಒಂದೇ ಅಷ್ಟು ಎಳೆದು ಒಟ್ಟಿಗೆ ಬಿಡಿ. ಎರಡೂ ಜೊತೆಜೊತೆಯಾಗಿ ಹಿಂದೆ ಮುಂದೆ ತೂಗುತ್ತವೆ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹತ್ತು ಪೂರ್ತಿ ತೂಗಾಟ ಎಣಿಸಿದರೆ ಸುಮಾರು ಹತ್ತು ಸೆಕೆಂಡು ಆಗುತ್ತದೆ. ಅದು ನಿಂತ ಮೇಲೆ ಒಂದು ಕಲ್ಲನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಅಷ್ಟೇ ದೂರ ಆಚೆ ಕಡೆಗೆ ಎಳೆದು ಬಿಡಿ. ಈಗ ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತದೆ. ಹತ್ತು ತೂಗಾಟಕ್ಕೆ ಆರು ಸೆಕೆಂಡೂ ಹಿಡಿಯುವುದಿಲ್ಲ, 5.8ರ ಹತ್ತಿರ ಬರುತ್ತದೆ.

ಮೂರನೆಯದಾಗಿ ಒಂದೇ ಕಲ್ಲನ್ನು ಎಳೆದು ಬಿಡಿ. ಈ ಸಲ ಚಲನೆ ಗಲಿಬಿಲಿಯಾಗಿ ಕಾಣುತ್ತದೆ. ಒಮ್ಮೆ ಒಂದು ಕಲ್ಲು ಜೋರಾದರೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಜೋರಾಗುತ್ತದೆ. ಸ್ಟಾಪ್‌ವಾಚಿಗೆ ಒಂದು ಸ್ಥಿರವಾದ ಅವಧಿಯೂ ಸಿಗುವುದಿಲ್ಲ. ಅಂದರೆ ಈ ಹಗ್ಗಕ್ಕೆ ಅಚ್ಚುಕಟ್ಟಾಗಿ ತೂಗುವ ಭಂಗಿಗಳು ಎರಡೇ ಇವೆ: ಜೊತೆಯಾಗಿ ತೂಗುವುದು, ಎದುರುಬದುರಾಗಿ ತೂಗುವುದು. ಮಿಕ್ಕದ್ದೆಲ್ಲ ಇವೆರಡರ ಮಿಶ್ರಣ. ಒಂದೇ ಕಲ್ಲನ್ನು ಎಳೆದಾಗ ನೀವು ಅರ್ಧ ಜೊತೆ ಭಂಗಿಯನ್ನೂ ಅರ್ಧ ಎದುರು ಭಂಗಿಯನ್ನೂ ಕೂಡಿಸಿ ಕೊಟ್ಟಿರುತ್ತೀರಿ. ಎರಡರ ಅವಧಿಯೂ ಬೇರೆಯಾದ್ದರಿಂದ ನೋಟ ಕಲಸಿಹೋಗುತ್ತದೆ.

ಕಾಗದದ ಮೇಲಿನ ಸೇತುವೆ

ಅಳತೆಯಲ್ಲಿ ಸಿಕ್ಕ ಈ ಎರಡು ಅವಧಿಗಳನ್ನು ಅಳೆಯದೆಯೇ ಕಂಡುಹಿಡಿಯುವುದು ಹೇಗೆ? ಮೊದಲ ಕಲ್ಲು ತನ್ನ ಜಾಗದಿಂದ x₁ ದೂರ, ಎರಡನೆಯದು x₂ ದೂರ ಸರಿದಿದೆ ಎಂದುಕೊಳ್ಳಿ. ಮೊದಲ ಕಲ್ಲನ್ನು ಎರಡು ಹಗ್ಗದ ತುಂಡುಗಳು ಎಳೆಯುತ್ತವೆ. ಕಂಬದ ಕಡೆಯ ತುಂಡು ಅದನ್ನು ವಾಪಸು ಕರೆಯುತ್ತದೆ, x₁ ದೊಡ್ಡದಾದಷ್ಟೂ ಜೋರಾಗಿ. ನಡುವಿನ ತುಂಡು ಅದನ್ನು ಎರಡನೇ ಕಲ್ಲಿನ ಕಡೆಗೆ ಎಳೆಯುತ್ತದೆ, ಎರಡೂ ಕಲ್ಲುಗಳ ನಡುವಿನ ವ್ಯತ್ಯಾಸ ದೊಡ್ಡದಾದಷ್ಟೂ ಜೋರಾಗಿ. ಎರಡನ್ನೂ ಕೂಡಿಸಿದರೆ ವಾಪಸು ಎಳೆಯುವ ಬಲ 2x₁ − x₂ಗೆ ಅನುಪಾತದಲ್ಲಿರುತ್ತದೆ. ಎರಡನೇ ಕಲ್ಲಿಗೂ ಅದೇ ಮಾತು, 2x₂ − x₁.

ಅನುಪಾತದ ಗುಣಕ ಯಾವುದು? ಹಗ್ಗದ ಬಿಗಿ ಕಲ್ಲಿನ ತೂಕದಿಂದಲೇ ಬಂದದ್ದು. ಕಲ್ಲು ಭಾರವಾದರೆ ಬಿಗಿಯೂ ಅಷ್ಟೇ ಹೆಚ್ಚು. ಭಾಗಿಸಿದಾಗ ತೂಕ ಹೊಡೆದುಹೋಗುತ್ತದೆ. ಕಂಬಗಳ ನಡುವಿನ ದೂರವೂ ಹಾಗೆಯೇ ಹೊಡೆದುಹೋಗುತ್ತದೆ. ಉಳಿಯುವುದು ಗುರುತ್ವದ g ಮತ್ತು ಜೋಲಿನ d ಮಾತ್ರ. ಆದ್ದರಿಂದ:

ಮೊದಲ ಕಲ್ಲಿನ ವೇಗೋತ್ಕರ್ಷ = −(g/d) (2x₁ − x₂)

ಎರಡನೇ ಕಲ್ಲಿನ ವೇಗೋತ್ಕರ್ಷ = −(g/d) (2x₂ − x₁)

ಅಚ್ಚುಕಟ್ಟಾದ ಭಂಗಿ ಎಂದರೆ ಪ್ರತಿ ಕಲ್ಲನ್ನೂ ಅದು ಸರಿದ ದೂರದ ಒಂದೇ ಪಟ್ಟು ಬಲ ವಾಪಸು ಎಳೆಯಬೇಕು. ಆ ಪಟ್ಟನ್ನು λ ಎಂದು ಕರೆಯೋಣ. ಆಗ 2x₁ − x₂ = λx₁ ಮತ್ತು 2x₂ − x₁ = λx₂. ಮೊದಲನೆಯದರಿಂದ x₂ = (2 − λ)x₁. ಅದನ್ನು ಎರಡನೆಯದಕ್ಕೆ ಹಾಕಿದರೆ (2 − λ)² = 1. ಬಿಡಿಸಿದರೆ λ = 1 ಅಥವಾ λ = 3. ಬೇರೆ ಬೆಲೆಗೆ ಇಲ್ಲಿ ಜಾಗವೇ ಇಲ್ಲ.

ಈ 1 ಮತ್ತು 3 ನಮ್ಮ ಪಡಸಾಲೆಯ ಸೇತುವೆಯ ಐಗೆನ್ ಮೌಲ್ಯಗಳು. λ = 1 ಹಾಕಿದರೆ x₂ = x₁ ಬರುತ್ತದೆ, ಅದೇ ಜೊತೆ ಭಂಗಿ. λ = 3 ಹಾಕಿದರೆ x₂ = −x₁, ಅದೇ ಎದುರು ಭಂಗಿ. ಈ ಭಂಗಿಗಳನ್ನು ಐಗೆನ್ ಸದಿಶ ಎನ್ನುತ್ತಾರೆ. ಒಂದು ಪೂರ್ತಿ ತೂಗಾಟಕ್ಕೆ ಹಿಡಿಯುವ ಕಾಲ:

T = 2π √( d / (λg) )

d = 0.25 ಮೀಟರ್, g = 9.81 ಎಂದು ಹಾಕಿ ನೋಡಿ. λ = 1ಕ್ಕೆ 1.00 ಸೆಕೆಂಡು, λ = 3ಕ್ಕೆ 0.58 ಸೆಕೆಂಡು. ಸ್ಟಾಪ್‌ವಾಚ್ ಹೇಳಿದ್ದನ್ನೇ ವರ್ಗಸಮೀಕರಣವೂ ಹೇಳಿತು. ಜೋಲನ್ನು ನಾಲ್ಕು ಪಟ್ಟು, ಅಂದರೆ ಒಂದು ಮೀಟರ್ ಮಾಡಿದರೆ ಕಾಲ ನಾಲ್ಕು ಪಟ್ಟಾಗುವುದಿಲ್ಲ, ಎರಡು ಪಟ್ಟಾಗುತ್ತದೆ. ಈ ವರ್ಗಮೂಲವನ್ನು ನೆನಪಿಡಿ. ಮುಂದೆ ಲಂಡನ್ನಿನಲ್ಲಿ ಇದೇ ದೊಡ್ಡ ತೊಡಕಾಗಿ ಎದುರಾಗುತ್ತದೆ.

ನಿಜವಾದ ತೂಗುಸೇತುವೆಯಲ್ಲಿ ಭಾರ ಎರಡು ಕಡೆ ಇರುವುದಿಲ್ಲ, ಉದ್ದಕ್ಕೂ ಹರಡಿರುತ್ತದೆ. ಕಲ್ಲುಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದರೆ ಅಲ್ಲಿಗೆ ಮುಟ್ಟುತ್ತೇವೆ. ಆಗ ಅತಿ ನಿಧಾನದ ಅಡ್ಡ ತೂಗಾಟದ ಕಾಲ T = 2√(8d/g) ಆಗುತ್ತದೆ. ಮೂರು ಮೀಟರ್ ಜೋಲಿದ್ದರೆ ಇದು 3.1 ಸೆಕೆಂಡು. ಹೊಳೆ ಅಗಲವೋ ಕಿರಿದೋ, ಹಲಗೆ ಕಬ್ಬಿಣದ್ದೋ ಮರದ್ದೋ, ಈ ಲೆಕ್ಕ ಅದನ್ನು ಕೇಳುವುದಿಲ್ಲ. ಎರಡನೇ ಭಂಗಿಯಲ್ಲಿ ಸೇತುವೆಯ ಎರಡು ಅರ್ಧಗಳು ಎದುರುಬದುರಾಗಿ ತೂಗುತ್ತವೆ, ಎರಡು ಪಟ್ಟು ಬೇಗ. ಮೂರನೆಯದು ಮೂರು ಭಾಗಗಳಾಗಿ, ಮೂರು ಪಟ್ಟು ಬೇಗ, ಅಂದರೆ ಸೆಕೆಂಡಿಗೆ ಸುಮಾರು ಒಂದು ಸಲ. ಆ ‘ಸೆಕೆಂಡಿಗೆ ಒಂದು ಸಲ’ ಎಂಬುದರಲ್ಲೇ ಅಪಾಯವಿದೆ.

ಹೆಜ್ಜೆ ಮತ್ತು ತೂಗಾಟ ಕೂಡಿದಾಗ

ಪಂಚಮಿಯ ಜೋಕಾಲಿಯಲ್ಲಿ ತಂಗಿಯನ್ನು ಕೂರಿಸಿ ತೂಗುವುದು ನಿಮಗೆ ಗೊತ್ತು. ಜೋಕಾಲಿ ವಾಪಸು ಬಂದ ಹೊತ್ತಿಗೆ ಸರಿಯಾಗಿ ಒಂದು ಬೆರಳಿನಿಂದ ನೂಕಿದರೂ ಅದು ಮೇಲೇರುತ್ತ ಹೋಗುತ್ತದೆ. ಹೊತ್ತು ತಪ್ಪಿ ನೂಕಿದರೆ ಎಷ್ಟು ಬಲ ಹಾಕಿದರೂ ಒಂದು ನೂಕು ಇನ್ನೊಂದನ್ನು ತಿಂದುಹಾಕುತ್ತದೆ. ಹೊರಗಿನ ನೂಕು ವಸ್ತುವಿನ ಸ್ವಂತ ಅವಧಿಗೆ ಕೂಡಿ ಬಂದು ತೂಗಾಟ ಬೆಳೆಯುವುದನ್ನೇ ಅನುರಣನೆ ಎನ್ನುತ್ತಾರೆ.

ನಮ್ಮ ಹಗ್ಗದಲ್ಲೂ ಇದನ್ನು ನೋಡಬಹುದು. ನೋಟ್‌ಬುಕ್ಕಿನಿಂದ ಒಂದು ಕಲ್ಲಿಗೆ ಸೆಕೆಂಡಿಗೊಮ್ಮೆ ಗಾಳಿ ಬೀಸಿ. ಕೆಲವೇ ಬೀಸಿಗೆ ಎರಡೂ ಕಲ್ಲುಗಳು ಜೊತೆಯಾಗಿ ತೂಗತೊಡಗುತ್ತವೆ. 0.58 ಸೆಕೆಂಡಿಗೊಮ್ಮೆ ಬೀಸಿದರೆ ಎದುರು ಭಂಗಿ ಏಳುತ್ತದೆ. ಎರಡರ ನಡುವಿನ ವೇಗದಲ್ಲಿ ಬೀಸಿದರೆ ಹೆಚ್ಚೇನೂ ಆಗುವುದಿಲ್ಲ. ಇನ್ನೊಂದು ಮಾತು: ಹಗ್ಗದ ನಟ್ಟನಡುವೆ ಎಷ್ಟೇ ಸರಿಯಾದ ಹೊತ್ತಿಗೆ ನೂಕಿದರೂ ಎದುರು ಭಂಗಿ ಏಳುವುದಿಲ್ಲ, ಏಕೆಂದರೆ ಆ ಭಂಗಿಯಲ್ಲಿ ನಡುವಿನ ಬಿಂದು ಅಲುಗುವುದೇ ಇಲ್ಲ. ಆದ್ದರಿಂದ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕು. ನೂಕಿನ ಅವಧಿ ಐಗೆನ್ ಮೌಲ್ಯಕ್ಕೆ ಹೊಂದುತ್ತದೆಯೇ? ನೂಕಿದ ಜಾಗ ಐಗೆನ್ ಸದಿಶಕ್ಕೆ ಹೊಂದುತ್ತದೆಯೇ?

ಮನುಷ್ಯ ಸಾಮಾನ್ಯವಾಗಿ ಸೆಕೆಂಡಿಗೆ ಎರಡು ಹೆಜ್ಜೆ ಹಾಕುತ್ತಾನೆ. ಪ್ರತಿ ಹೆಜ್ಜೆಯೂ ಸೇತುವೆಯನ್ನು ಕೆಳಗೆ ಒತ್ತುತ್ತದೆ. ಆದರೆ ಎಡಗಾಲು ಒಂದು ಪಕ್ಕಕ್ಕೆ, ಬಲಗಾಲು ಇನ್ನೊಂದು ಪಕ್ಕಕ್ಕೆ ನೂಕುವುದರಿಂದ ಅಡ್ಡ ನೂಕು ಸೆಕೆಂಡಿಗೆ ಒಂದೇ ಆವೃತ್ತಿ. ಹಾಗಾಗಿ ಸೆಕೆಂಡಿಗೆ ಒಂದು ಸಲ ಪಕ್ಕಕ್ಕೆ ತೂಗುವ ಸೇತುವೆ ನಡೆಯುವವನ ಕಾಲಿಗೆ ಹೇಳಿ ಮಾಡಿಸಿದಂತಿರುತ್ತದೆ.

ಲಂಡನ್ನಿನ ಮಿಲೇನಿಯಂ ಸೇತುವೆ

ಇದನ್ನು ಜಗತ್ತಿಗೆಲ್ಲ ತೋರಿಸಿದ್ದು ಥೇಮ್ಸ್ ನದಿಯ ಮಿಲೇನಿಯಂ ಕಾಲುಸೇತುವೆ. 2000ದ ಜೂನ್ 10ರಂದು ತೆರೆದರು. ಸಾವಿರಾರು ಜನ ಏರಿದರು, ಸೇತುವೆ ಪಕ್ಕಕ್ಕೆ ತೂಗಿತು, ನಡುವಿನ ಸ್ಪ್ಯಾನಿನಲ್ಲಿ ಏಳು ಸೆಂ.ಮೀ.ವರೆಗೂ. ಜನ ಕಂಬಿ ಹಿಡಿದು ನಿಂತರು. ಜೂನ್ 12ರಂದು ಮುಚ್ಚಿದರು.

ಇದೂ ಕೇಬಲ್ಲಿನ ಸೇತುವೆಯೇ, ಆದರೆ ಬಹಳ ಚಪ್ಪಟೆ. 144 ಮೀಟರ್ ಉದ್ದದ ನಡುವಿನ ಸ್ಪ್ಯಾನಿಗೆ ಕೇಬಲ್ಲಿನ ಜೋಲು 2.3 ಮೀಟರ್ ಮಾತ್ರ. ನಮ್ಮ ಸೂತ್ರಕ್ಕೆ d = 2.3 ಹಾಕಿದರೆ ಒಂದು ತೂಗಾಟಕ್ಕೆ 2.7 ಸೆಕೆಂಡು, ಅಂದರೆ ಸೆಕೆಂಡಿಗೆ 0.37 ಸಲ ಎಂದು ಬರುತ್ತದೆ. ಅಲ್ಲಿ ಅಳೆದಾಗ ಸಿಕ್ಕದ್ದು 0.48. ನಾವು ಕೇಬಲ್ಲನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆವು. ನಡೆಯುವ ಹಾಸು ಪಕ್ಕಕ್ಕೆ ಬಾಗಲು ಒಡ್ಡುವ ಬಿಗಿತವನ್ನು ಬಿಟ್ಟಿದ್ದೆವು. ಹಾಗಿದ್ದರೂ ಪಡಸಾಲೆಯ ಹಗ್ಗದಿಂದ ಹೊರಟ ಲೆಕ್ಕ ಥೇಮ್ಸ್ ನದಿಯ ಉತ್ತರದ ಹತ್ತಿರಕ್ಕೇ ಬಂದಿತು. ಅಲ್ಲಿ ಎರಡನೇ ಭಂಗಿಯ ಆವೃತ್ತಿ 0.95, ಮೊದಲನೆಯದರ ಎರಡು ಪಟ್ಟಿಗೆ ಹತ್ತಿರ. ಕಾಲುಗಳ ಅಡ್ಡ ನೂಕಿನ ಆವೃತ್ತಿಯೂ ಅಲ್ಲೇ ಇತ್ತು.

ಎಂಜಿನಿಯರುಗಳು ಕಾರಣ ಹುಡುಕಲು ಉತ್ತರದ 81 ಮೀಟರ್ ಸ್ಪ್ಯಾನಿನ ಮೇಲೆ ಜನರನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ನಡೆಸಿದರು. ಜನ ಹೆಚ್ಚಿದಂತೆ ತೂಗಾಟವೂ ಸಮನಾಗಿ ಹೆಚ್ಚಬೇಕಿತ್ತು. ಹಾಗಾಗಲಿಲ್ಲ. 166 ಜನ ಆಗುವವರೆಗೆ ಸೇತುವೆ ಹೆಚ್ಚುಕಡಿಮೆ ಸುಮ್ಮನಿತ್ತು. ಅಲ್ಲಿಂದಾಚೆ ತೂಗಾಟ ಒಮ್ಮೆಲೇ ಏರತೊಡಗಿತು. ನೆಲ ಪಕ್ಕಕ್ಕೆ ಸರಿದಾಗ ಮನುಷ್ಯ ಬೀಳದಂತೆ ಕಾಲು ಅಗಲಿಸಿ ಹೆಜ್ಜೆ ಇಡುತ್ತಾನೆ. ಆ ಹೆಜ್ಜೆಯ ನೂಕು ಸೇತುವೆ ಹೋಗುತ್ತಿರುವ ದಿಕ್ಕಿಗೇ, ಅದರ ವೇಗಕ್ಕೆ ತಕ್ಕಂತೆ ಬೀಳುತ್ತದೆ ಎಂದು ಅಳತೆಯಿಂದ ಗೊತ್ತಾಯಿತು. ಸೇತುವೆಯ ಕೀಲು, ಕೇಬಲ್ಲುಗಳಲ್ಲಿ ಆಗುವ ಉಜ್ಜಾಟ ಪ್ರತಿ ತೂಗಾಟದಲ್ಲೂ ಒಂದಿಷ್ಟು ಶಕ್ತಿಯನ್ನು ಕಳೆಯುತ್ತದೆ, ಇದಕ್ಕೆ ಅವಮಂದನ ಎಂದು ಹೆಸರು. ಒಬ್ಬೊಬ್ಬ ನಡಿಗೆಯವನೂ ಅಷ್ಟಷ್ಟು ಶಕ್ತಿಯನ್ನು ತುಂಬುತ್ತಾನೆ. ತುಂಬುವುದು ಕಳೆಯುವುದನ್ನು ಮೀರಿದ ಕ್ಷಣವೇ ಆ ಸ್ಪ್ಯಾನಿನಲ್ಲಿ 166.

ಸರಿಪಡಿಸಲು ಎರಡು ದಾರಿಗಳಿದ್ದವು. ಒಂದು, ಐಗೆನ್ ಮೌಲ್ಯವನ್ನೇ ಬದಲಿಸಿ ಸೇತುವೆಯ ಆವೃತ್ತಿಯನ್ನು ಕಾಲಿನ ಆವೃತ್ತಿಗೆ ಸಿಗದಷ್ಟು ಮೇಲಕ್ಕೆ ಒಯ್ಯುವುದು. 0.5 ಇದ್ದದ್ದನ್ನು 1.5ಕ್ಕೆ, ಅಂದರೆ ಮೂರು ಪಟ್ಟಿಗೆ ಏರಿಸಬೇಕು. ಇಲ್ಲಿ ಆ ವರ್ಗಮೂಲ ಅಡ್ಡ ಬರುತ್ತದೆ. ಆವೃತ್ತಿ ಮೂರು ಪಟ್ಟಾಗಲು ಬಿಗಿತ ಒಂಬತ್ತು ಪಟ್ಟಾಗಬೇಕು. ತೆಳ್ಳಗಿನ ಆ ಸೇತುವೆ ಅಷ್ಟು ಉಕ್ಕನ್ನು ಹೊರುವಂತಿರಲಿಲ್ಲ, ಅದರ ರೂಪವೂ ಉಳಿಯುತ್ತಿರಲಿಲ್ಲ. ಎರಡನೆಯ ದಾರಿ, ಆವೃತ್ತಿಯನ್ನು ಹಾಗೇ ಬಿಟ್ಟು ಅವಮಂದನ ಹೆಚ್ಚಿಸುವುದು. ಮೋಟರ್ ಸೈಕಲ್ಲಿನ ಶಾಕ್ ಅಬ್ಸಾರ್ಬರ್ ಜಾತಿಗೇ ಸೇರಿದ, ದ್ರವ ತುಂಬಿದ 37 ಅವಮಂದಕಗಳನ್ನು ಸೇತುವೆಯ ಕೆಳಗೆ ಕೂಡಿಸಿದರು. ಜೊತೆಗೆ ಸ್ಪ್ರಿಂಗಿನ ಮೇಲೆ ತೂಕ ಕೂರಿಸಿದ ಇನ್ನೊಂದು ಬಗೆಯ ಅವಮಂದಕಗಳನ್ನೂ ಹಾಕಿದರು. ಶೇ 1ಕ್ಕಿಂತ ಕಡಿಮೆ ಇದ್ದ ಅವಮಂದನ ಶೇ 15–20ರ ಮಟ್ಟಕ್ಕೆ ಏರಿತು. ಇದರ ಅರ್ಥವನ್ನು ಒಂದು ಲೆಕ್ಕದಲ್ಲಿ ಹೇಳುತ್ತೇನೆ. ಅನುರಣನೆಯಲ್ಲಿ ತೂಗಾಟ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು 1/(2ζ). ಇಲ್ಲಿ ζ ಅವಮಂದನ. 0.007 ಇದ್ದರೆ ಸುಮಾರು 70 ಪಟ್ಟು, 0.20 ಇದ್ದರೆ ಎರಡೂವರೆ ಪಟ್ಟು. 2002ರ ಫೆಬ್ರುವರಿಯಲ್ಲಿ ಸೇತುವೆ ಮತ್ತೆ ತೆರೆಯಿತು.

ಎಲ್ಲ ಕುಸಿತವೂ ಅನುರಣನೆಯಲ್ಲ

ಅಮೆರಿಕದ ಟಕೋಮಾ ಸೇತುವೆ 1940ರ ನವೆಂಬರ್ 7ರಂದು ಗಾಳಿಗೆ ತಿರುಚಿಕೊಂಡು ಮುರಿದ ಚಲನಚಿತ್ರವನ್ನು ಅನುರಣನೆಯ ಉದಾಹರಣೆಯೆಂದು ತೋರಿಸುವುದುಂಟು. ಅಂದು ಗಾಳಿ ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಬೀಸುತ್ತಿತ್ತು. ಸೇತುವೆಯ ಅವಧಿಗೆ ಕೂಡುವಂತೆ ಯಾರೂ ತಾಳ ಹಾಕಿ ನೂಕುತ್ತಿರಲಿಲ್ಲ. ಸೇತುವೆಯ ತಿರುಚಾಟವೇ ಗಾಳಿಯ ಒತ್ತಡವನ್ನು ಬದಲಿಸಿ, ಆ ಒತ್ತಡ ಮತ್ತೆ ತಿರುಚಾಟಕ್ಕೆ ಶಕ್ತಿ ತುಂಬಿತು. ಮಿಲೇನಿಯಂ ಸೇತುವೆಯಲ್ಲಿ ಜನರ ಹೆಜ್ಜೆ ಮಾಡಿದ ಕೆಲಸವನ್ನು ಅಲ್ಲಿ ಗಾಳಿ ಮಾಡಿತು. ಐಗೆನ್ ಭಂಗಿ ಯಾವುದು ಎಂದು ತಿಳಿದರೆ ಸೇತುವೆ ಹೇಗೆ ತಿರುಚಿಕೊಳ್ಳುತ್ತದೆ ಎಂದು ಗೊತ್ತಾಗುತ್ತದೆ. ಅದು ಬೆಳೆಯುತ್ತದೆಯೋ ಅಡಗುತ್ತದೆಯೋ ಎಂದು ತಿಳಿಯಲು ಶಕ್ತಿಯ ಜಮಾ ಖರ್ಚನ್ನೂ ಬರೆಯಬೇಕು.

ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಕುಸಿದು 130ಕ್ಕೂ ಹೆಚ್ಚು ಜನ ತೀರಿಕೊಂಡರು. ಸೇತುವೆಯನ್ನು ಅಲ್ಲಾಡಿಸುವ ವಿಡಿಯೊ ನೋಡಿದವರಿಗೆ ಇದೂ ಅನುರಣನೆ ಎನಿಸಬಹುದು. ತನಿಖಾ ತಂಡ ಕಂಡದ್ದು ಬೇರೆ: ಮುಖ್ಯ ಕೇಬಲ್ಲಿನ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು. ನಮ್ಮ ಸೂತ್ರದಲ್ಲಿ ಇರುವುದು g ಮತ್ತು d ಎರಡೇ. ತಂತಿ ಹೊಸದೋ ತುಕ್ಕು ಹಿಡಿದದ್ದೋ ಎಂಬುದು ಅದರಲ್ಲಿ ಇಲ್ಲ. ಕೇಬಲ್ ಹರಿಯುವ ಹಿಂದಿನ ದಿನವೂ ಸೇತುವೆ ಅದೇ ಅವಧಿಗೆ ತೂಗಬಲ್ಲದು. ಆದ್ದರಿಂದ ತೂಗಾಟದ ಲೆಕ್ಕ ಬೇರೆ, ತಾಳಿಕೆಯ ಲೆಕ್ಕ ಬೇರೆ. ಎರಡನ್ನೂ ಮಾಡಬೇಕು. ತೂಗುಸೇತುವೆಯ ಮೇಲೆ ಹೋದಾಗ ಬೇಕೆಂದೇ ಅಲ್ಲಾಡಿಸಬೇಡಿ. ಬರೆದಿರುವ ಜನಸಂಖ್ಯೆಯ ಮಿತಿಯನ್ನು ಮೀರಬೇಡಿ.

ಈಗ ಹೆದ್ದಾರಿಯ ಸೇತುವೆಗೆ ಮರಳಿ ಬಂದರೆ ಅದು ಏಕೆ ತೂಗುವುದಿಲ್ಲ ಎಂದು ನೀವೇ ಹೇಳಬಲ್ಲಿರಿ. ಅದರ ಅತಿ ಚಿಕ್ಕ ಐಗೆನ್ ಮೌಲ್ಯವೇ ಸೆಕೆಂಡಿಗೆ ಐದರ ಸುಮಾರಿನ ಆವೃತ್ತಿ ಕೊಡುತ್ತದೆ. ಕಾಲಿನ ಎರಡಕ್ಕೂ ಒಂದಕ್ಕೂ ಅದು ಬಹಳ ದೂರ. ಯುರೋಪಿನ ಸೇತುವೆ ನಿಯಮಾವಳಿ ಇದನ್ನೇ ಸಂಖ್ಯೆಯಾಗಿ ಬರೆದಿದೆ. ಕಾಲುಸೇತುವೆಯ ಮೊದಲ ಆವೃತ್ತಿ ಮೇಲೆ ಕೆಳಗಿನ ಆಟಕ್ಕೆ 5ಕ್ಕಿಂತ, ಅಡ್ಡ ತೂಗಾಟಕ್ಕೆ 2.5ಕ್ಕಿಂತ ಕಡಿಮೆ ಇದ್ದರೆ ನಡೆಯುವವರ ಲೆಕ್ಕವನ್ನು ಬೇರೆಯಾಗಿ ಮಾಡಲೇಬೇಕು.

ಕೊನೆಗೆ ನಿಮಗೊಂದು ಕೆಲಸ. ಅದೇ ಹಗ್ಗಕ್ಕೆ ಸಮ ಅಂತರದಲ್ಲಿ ಮೂರು ಕಲ್ಲು ಕಟ್ಟಿ, ನಡುವಿನ ಕಲ್ಲಿನ ಜೋಲು 25 ಸೆಂ.ಮೀ. ಇರಲಿ. ಈಗ ಗುಣಕ g/d ಬದಲು 2g/d ಆಗುತ್ತದೆ. ಸಮೀಕರಣಗಳು ಮೂರು: 2x₁ − x₂ = λx₁, 2x₂ − x₁ − x₃ = λx₂, 2x₃ − x₂ = λx₃. ಬಿಡಿಸಿದರೆ λ = 2 − √2, 2, 2 + √2 ಎಂದು ಬರಬೇಕು. ಮೂರೂ ಕಲ್ಲುಗಳು ಜೊತೆಯಾಗಿ ಹತ್ತು ಸಲ ತೂಗಲು 9.3 ಸೆಕೆಂಡು. λ = 2ರಲ್ಲಿ ನಡುವಿನ ಕಲ್ಲು ಕದಲದೆ ನಿಂತು, ತುದಿಯ ಎರಡು ಎದುರುಬದುರಾಗಿ ಹತ್ತು ಸಲ ತೂಗಲು 5 ಸೆಕೆಂಡು. ಮೊದಲು ಕಾಗದದ ಮೇಲೆ ಬಿಡಿಸಿ, ಆಮೇಲೆ ಸ್ಟಾಪ್‌ವಾಚ್ ಹಿಡಿಯಿರಿ. ಎರಡೂ ಹೊಂದದಿದ್ದರೆ ಕಂಬ ಅಲ್ಲಾಡುತ್ತಿದೆಯೇ, ಕಲ್ಲುಗಳ ತೂಕ ಒಂದೇ ಇದೆಯೇ, ಯಾವುದಾದರೂ ಕಲ್ಲು ನೇತಾಡುತ್ತಿದೆಯೇ ಎಂದು ನೋಡಿ. ಸೇತುವೆ ಅಳೆಯುವ ಎಂಜಿನಿಯರ್ ತನ್ನ ಲೆಕ್ಕ ಮತ್ತು ಅಳತೆ ಹೊಂದದಿದ್ದಾಗ ಕೇಳುವ ಪ್ರಶ್ನೆಗಳೂ ಇಂಥವೇ: ಆಧಾರ ಗಟ್ಟಿಯಿದೆಯೇ, ಭಾರ ಎಣಿಸಿದಷ್ಟೇ ಇದೆಯೇ, ಲೆಕ್ಕಕ್ಕೆ ಹಿಡಿಯದ ಭಾಗವೇನಾದರೂ ಅಲುಗುತ್ತಿದೆಯೇ?